ಕೊಡೋ ಸೇರು ಬೇರೆ, ಅಳಕೊಳ್ಳೋ ಸೇರು ಬೇರೆ

ಭಾಲ್ಕಿ ಸಂತಿಯೊಳಗ ತಕ್ಕಡಿ ಹಿಡಿದವನ ಕೈ ನೋಡ್ರಿ, ಮಾರಿ ನೋಡಬ್ಯಾಡ್ರಿ ಅಂತ ನಮ್ಮ ಹಿರಿಯರು ಹೇಳ್ತಿದ್ರು. ಈಗ ದೊಡ್ಡ ಅಂಗಡಿಗಳಿಗೆ, ಅಡತಿಗಳಿಗೆ ಎಲೆಕ್ಟ್ರಾನಿಕ್ ಯಂತ್ರ ಬಂದಾವ. ಆದರೂ ಕಾಯಿಪಲ್ಯ ಹಚ್ಚಿಕೊಂಡು ಕೂತ ಕಡೆ ತಕ್ಕಡಿ ಇನ್ನೂ ತೂಗತೈತಿ. ಕಬ್ಬಿಣದ ಕಿಲೋ ಕಲ್ಲನ್ನು ಎತ್ತಿ ಬೋರಲು ಮಾಡಿ ನೋಡಿದರೆ ತಳದಲ್ಲಿ ಒಂದು ಕುಣಿ, ಆ ಕುಣಿಯಲ್ಲಿ ಸೀಸ, ಸೀಸದ ಮೇಲೆ ಸರಕಾರದ ಮುದ್ರೆ ಇರಬೇಕು. ಸೀಸ ಕಿತ್ತಿದ್ದರೆ ಕಲ್ಲು ಹಗುರಾಗಿರತೈತಿ. ಬಡವನ ರೊಟ್ಟಿ ಅಷ್ಟರಮಟ್ಟಿಗೆ ಸಣ್ಣದಾಗಿರತೈತಿ.

ಈ ಮುದ್ರೆ ಒತ್ತುವವನು ಇವತ್ತಿನವನಲ್ಲ. ನಮ್ಮ ಬೀದರ ರಾಜಧಾನಿಯಾಗಿ ಮೆರೆದ ಕಾಲದಲ್ಲಿ ಅವನಿಗೆ ಮುಹ್ತಸಿಬ್ ಅಂತ ಹೆಸರಿತ್ತು. ಬಾಜಾರದ ತೂಕ, ಅಳತೆ, ಕಲಬೆರಕೆ, ಬೀದಿಯ ಕಸ, ಜನರ ನಡತೆ, ಎಲ್ಲದರ ಮೇಲೂ ಅವನ ಕಣ್ಣು. ರಾಜರ ಯುದ್ಧ, ರಾಣಿಯರ ಗೋರಿ ಬರೆದ ಇತಿಹಾಸಗಳಲ್ಲಿ ಇವನಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನಾವು ಆ ಒಂದೆರಡು ಸಾಲುಗಳನ್ನೇ ಹಿಡಿದು ಕೂತಿದ್ದೇವೆ. ಯಾಕೆಂದರೆ ಅರಮನೆಗೆ ಹೋಗದ ಜನ ಬಾಜಾರಕ್ಕೆ ಹೋಗಲೇಬೇಕಿತ್ತು. ದೊರೆತನ ಅವರ ಮೈಗೆ ತಾಗುತ್ತಿದ್ದದ್ದು ಅಲ್ಲೇ.

ಬಹಮನಿ ಸುಲ್ತಾನ ಎರಡನೇ ಅಲಾಉದ್ದೀನ್ ಅಹ್ಮದ್ 1436ರಿಂದ 1458ರವರೆಗೆ ಬೀದರಿನಿಂದ ಆಳಿದ. ಅವನ ಬಗ್ಗೆ ಫರಿಶ್ತಾ ಬರೆದ ಮಾತುಗಳಿವೆ. ಫರಿಶ್ತಾ ಬರೆದದ್ದು ಬಿಜಾಪುರದಲ್ಲಿ, ಸುಲ್ತಾನ ಸತ್ತು ಸುಮಾರು ನೂರೈವತ್ತು ವರ್ಷ ಕಳೆದ ಮೇಲೆ. ಅವನು ಆಸ್ಥಾನದ ಬರಹಗಾರ, ರಾಜರನ್ನು ಹೊಗಳಿ ಉಂಡವನು. ಅದನ್ನು ಮರೆಯದೆ ಓದೋಣ. ಸುಲ್ತಾನ ಬೀದರಿನಲ್ಲಿ ಒಂದು ಆಸ್ಪತ್ರೆ ಕಟ್ಟಿಸಿದ, ಔಷಧ ಮತ್ತು ಊಟದ ಖರ್ಚಿಗೆ ಹಳ್ಳಿಗಳ ಹುಟ್ಟುವಳಿ ಬಿಟ್ಟುಕೊಟ್ಟ, ಹಿಂದೂ ಮುಸ್ಲಿಂ ವೈದ್ಯರಿಬ್ಬರನ್ನೂ ಇಟ್ಟ. ರಾಜ್ಯದ ತುಂಬ ಖಾಜಿಗಳನ್ನೂ ಮುಹ್ತಸಿಬರನ್ನೂ ನೇಮಿಸಿದ. ತಾನು ಕುಡಿಯುತ್ತಿದ್ದರೂ ಜನರಿಗೆ ಕುಡಿತ ಬಂದ್ ಮಾಡಿದ, ಜೂಜು ಬಂದ್ ಮಾಡಿದ. ಬುದ್ಧಿ ಹೇಳಿ, ದಂಡಿಸಿ, ಆಮೇಲೂ ಕುಡಿದವನು ಎಂಥ ದೊಡ್ಡ ಮನುಷ್ಯನಾದರೂ ಅವನ ಗಂಟಲಿಗೆ ಕಾಸಿದ ಸೀಸ ಹೊಯ್ಯಬೇಕೆಂದು ಹುಕುಂ ಮಾಡಿದ.

ಇನ್ನೊಂದು ಮಾತು ಬರೀತಾನ ಫರಿಶ್ತಾ. ನಾವು ಅದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ದುಡಿಯದೆ ಅಲೆಯುವ ಕಲಂದರರನ್ನು, ಪುಂಡರನ್ನು ಹಿಡಿಸಿ ಕೊರಳಿಗೆ ಸರಪಳಿ ಹಾಕಿಸಿದನಂತೆ. ಅವರಿಗೆ ವಿಧಿಸಿದ ಶಿಕ್ಷೆ ಬೀದಿಯ ಹೊಲಸು ಎತ್ತುವುದು, ದೊಡ್ಡ ಕಲ್ಲು ಎಳೆಯುವುದು. ಹಿಂಗ ಮಾಡಿದರೆ ಅವರು ದಾರಿಗೆ ಬರುತ್ತಾರೆ, ಇಲ್ಲವೇ ದೇಶ ಬಿಟ್ಟು ಹೋಗುತ್ತಾರೆ ಅಂತ ಸುಲ್ತಾನನ ಲೆಕ್ಕ. ಅಲ್ರಿ, ಅದೇ ಹೊಲಸನ್ನು ಅದಕ್ಕೂ ಮುಂಚೆ ಎತ್ತುತ್ತಿದ್ದವರು ಯಾರು? ಸರಪಳಿಯವರು ಬಿಡುಗಡೆಯಾಗಿ ಹೋದ ಮೇಲೆ ಎತ್ತಿದವರು ಯಾರು? ಅಪರಾಧಿಗೆ ಕೆಲವು ತಿಂಗಳ ಶಿಕ್ಷೆಯಾದದ್ದು ಯಾವ ಅಪರಾಧವನ್ನೂ ಮಾಡದವನಿಗೆ ಹುಟ್ಟಿನಿಂದ ಸಾಯುವವರೆಗಿನ ಕೆಲಸವಾಗಿತ್ತು. ಫರಿಶ್ತಾನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಸುಲ್ತಾನನ ನ್ಯಾಯಕ್ಕೆ ಸಾಕ್ಷಿಯೆಂದೇ ಅವನು ಇದನ್ನು ಬರೆದ.

ಇನ್ನು ಮುಹ್ತಸಿಬ್ ಮಾಡುತ್ತಿದ್ದ ಕೆಲಸಕ್ಕೆ ಬರೋಣ. ಈ ಹುದ್ದೆ ಅರಬರ ಪಟ್ಟಣಗಳಲ್ಲಿ ಬೆಳೆದದ್ದು. ಇದರ ಕಾನೂನನ್ನು ಬಗ್ದಾದಿನ ಮಾವರ್ದಿ 11ನೇ ಶತಮಾನದಲ್ಲಿ ಬರೆದಿಟ್ಟ. ದಿನದಿನದ ಕೈಪಿಡಿಯನ್ನು 12ನೇ ಶತಮಾನದಲ್ಲಿ ಸಿರಿಯಾ ದೇಶದ ಶೈಝರಿ ಬರೆದ. ಮಾವರ್ದಿಯ ಪ್ರಕಾರ ಖಾಜಿ ತನ್ನ ಹತ್ತಿರ ದೂರು ಬರುವ ತನಕ ಕಾಯಬೇಕು, ಮುಹ್ತಸಿಬ್ ಕಾಯಬೇಕಿಲ್ಲ. ತಾನೇ ಬಾಜಾರಿನಲ್ಲಿ ತಿರುಗಿ ತಪ್ಪು ಕಂಡಲ್ಲಿ ಹಿಡಿಯಬಹುದು. ಆದರೆ ಕಣ್ಣಿಗೆ ಕಂಡ ತಪ್ಪನ್ನೇ ಹಿಡಿಯಬೇಕು. ಮನೆಯ ಗೋಡೆ ಹತ್ತಿ ಇಣುಕಬಾರದು. ಸಾಕ್ಷಿ, ವಾದ ಬೇಕಾದ ಜಗಳವಿದ್ದರೆ ಅದು ಖಾಜಿಯ ಪಾಲು. ಕೈಯಲ್ಲಿ ಚಾಟಿ ಇತ್ತು, ಆದರೆ ಬರಹದ ಮಟ್ಟಿಗಾದರೂ ಅದಕ್ಕೊಂದು ಗೆರೆ ಇತ್ತು.

ಶೈಝರಿಯ ಪುಸ್ತಕ ಓದಿದರೆ ಆತ ಅಂಗಡಿ ಕಟ್ಟೆಯ ಮೇಲೆ ಕೂತು ಬರೆದಂತೆ ಅನ್ನಿಸುತ್ತದೆ. ತೂಕದ ಗುಂಡುಗಳು ಕಬ್ಬಿಣದವೇ ಆಗಿರಬೇಕು ಅನ್ನುತ್ತಾನೆ. ಕಲ್ಲಿನವು ಒಂದಕ್ಕೊಂದು ತಾಗಿ ಚಕ್ಕೆ ಎದ್ದು ಹಗುರಾಗುತ್ತವೆ. ಕಲ್ಲೇ ಗತಿಯಾದರೆ ಅದಕ್ಕೆ ತೊಗಲು ಹೊಲಿಸಿ, ಸರಿಯಾದ ತೂಕಕ್ಕೆ ಇಟ್ಟು ನೋಡಿ, ಮುದ್ರೆ ಒತ್ತಬೇಕು. ತಕ್ಕಡಿಯ ತಟ್ಟೆಯನ್ನು ಆಗಾಗ ಒರೆಸಬೇಕು, ಯಾಕೆಂದರೆ ಎಣ್ಣೆ ಜಿಡ್ಡು ಹೆಪ್ಪುಗಟ್ಟಿ ಅದೇ ತೂಗುತ್ತದೆ. ತಕ್ಕಡಿ ನಿಂತ ಮೇಲೆ ಮಾಲು ಹಾಕಬೇಕು, ಅದೂ ಮೆಲ್ಲಗೆ. ಎತ್ತಿ ಹೊಡೆದಂತೆ ಹಾಕಬಾರದು. ತಟ್ಟೆಯ ಅಂಚಿಗೆ ಹೆಬ್ಬೆರಳು ತಾಗಿಸಬಾರದು. ಎಂಟು ನೂರು ವರ್ಷದ ಹಿಂದಿನ ಈ ಹೆಬ್ಬೆರಳು ನಮ್ಮ ಸಂತೆಗಳಿಗೆ ಹೊಸದಲ್ಲ.

ಈ ತೊಗಲು ಹೊಲಿಸಿದ ಕಲ್ಲಿನ ಮಾತು ಬಂದಾಗ ನಮಗೆ ಒಂದು ನಗು ಬಂತು. ನ್ಯಾಯದ ತೂಕಕ್ಕೆ ಮೈ ಕೊಟ್ಟದ್ದು ಸತ್ತ ದನದ ತೊಗಲು. ನಮ್ಮ ಕಡೆ ಆ ತೊಗಲನ್ನು ಹದ ಮಾಡಿದವನಿಗೆ ಅಂಗಡಿ ಕಟ್ಟೆ ಏರುವ ಹಕ್ಕಿರಲಿಲ್ಲ.

ಎಲ್ಲಕ್ಕಿಂತ ಹಿಡಿಯಲು ಕಷ್ಟವಾದ ಮೋಸ ತಕ್ಕಡಿಯ ದಂಡಿಗೆಯಲ್ಲಿರುತ್ತದೆ. ಇದನ್ನು ಲೆಕ್ಕ ಹಾಕಿ ನೋಡಬೇಕು. ದಂಡಿಗೆಯ ನಡುವಿನ ಕೊಂಡಿ ಸರಿಯಾಗಿ ನಡುವೆ ಇಲ್ಲ, ಒಂದು ತೋಳು 20 ಬೆರಳು, ಇನ್ನೊಂದು 19 ಬೆರಳು ಅಂತ ಇಟ್ಟುಕೊಳ್ರಿ. ಗಿಡ್ಡ ತೋಳಿನ ಕಡೆ ಸ್ವಲ್ಪ ಭಾರದ ತಟ್ಟೆ ಕಟ್ಟಿದರೆ ಖಾಲಿ ತಕ್ಕಡಿ ನೆಟ್ಟಗೆ ನಿಲ್ಲುತ್ತದೆ. ಕೊಳ್ಳುವವನು ಅದನ್ನು ನೋಡಿ ಸಮಾಧಾನ ಪಡುತ್ತಾನೆ. ಈಗ ವ್ಯಾಪಾರಿ ಗಿಡ್ಡ ತೋಳಿಗೆ ಒಂದು ಕಿಲೋ ಕಲ್ಲು ಹಾಕಿ ಉದ್ದ ತೋಳಿಗೆ ಮಾಲು ಹಾಕುತ್ತಾನೆ. 950 ಗ್ರಾಂ ಬಿದ್ದ ಕೂಡಲೆ ತಕ್ಕಡಿ ಸಮನಾಗುತ್ತದೆ. ಕಲ್ಲು ಸಾಚಾ, ಮುದ್ರೆ ಸಾಚಾ, ಕೈ ತಾಗಿಲ್ಲ. ಆದರೂ 50 ಗ್ರಾಂ ಹೋಯಿತು. ಅದೇ ವ್ಯಾಪಾರಿ ರೈತನಿಂದ ಕೊಳ್ಳುವಾಗ ಕಲ್ಲು ಉದ್ದ ತೋಳಿಗೆ, ಮಾಲು ಗಿಡ್ಡ ತೋಳಿಗೆ. ಆಗ ಕಿಲೋ ಅಂತ ತೂಗಿದ್ದು 1,053 ಗ್ರಾಂ ಆಗುತ್ತದೆ. ಹೋದಾಗಲೂ ಬಂದಾಗಲೂ ಅವನಿಗೇ ಲಾಭ. ಇದನ್ನು ಕಂಡುಹಿಡಿಯಲು ಶಾಸ್ತ್ರ ಓದಬೇಕಿಲ್ಲ. ಸಮನಾದ ಮೇಲೆ ಕಲ್ಲನ್ನೂ ಮಾಲನ್ನೂ ಅದಲು ಬದಲು ಮಾಡಿ ಹಾಕಿರಿ. ಸಾಚಾ ತಕ್ಕಡಿ ಮತ್ತೆ ಸಮ ನಿಲ್ಲುತ್ತದೆ. ಮೋಸದ ತಕ್ಕಡಿ ಒಂದು ಕಡೆ ಧಡಕ್ಕನೆ ಬೀಳುತ್ತದೆ. ತೂಕದ ಅಧಿಕಾರಿಗೆ ಇದು ಮಾಮೂಲಿ ಪರೀಕ್ಷೆ. ಆದರೆ ಕೈಯಲ್ಲಿ ನಾಕಾಣೆ ಹಿಡಿದು ನಿಂತ ಕೂಲಿ ಹೆಂಗಸು "ಅಣ್ಣಾ, ತಟ್ಟೆ ಬದಲು ಮಾಡಿ ತೂಗ್ರಿ" ಅಂತ ಯಾವ ಕಾಲದಲ್ಲಿ ಹೇಳಬಲ್ಲವಳಾಗಿದ್ದಳು?

ಬೆಲೆಯ ಮಾತು ಬೇರೆ. ಧರ್ಮಶಾಸ್ತ್ರ ಬಲ್ಲವರ ಪ್ರಕಾರ ಮುಹ್ತಸಿಬ್ ಸುಮ್ಮನೆ ಬೆಲೆ ಕಟ್ಟುವಂತಿಲ್ಲ. ಕಾಳು ಅಡಗಿಸಿಟ್ಟು ತುಟ್ಟಿ ಮಾಡುವವನನ್ನು ಹಿಡಿದು ಮಾರಿಸಬಹುದು, ಅಷ್ಟೇ. ಆದರೆ ದಿಲ್ಲಿಯ ಅಲಾಉದ್ದೀನ್ ಖಿಲ್ಜಿ (1296-1316) ಶಾಸ್ತ್ರ ಕೇಳುವವನಲ್ಲ. ಗೋಧಿ ಮಣಕ್ಕೆ ಏಳೂವರೆ ಜಿತಲ್ ಅಂತ ಕಟ್ಟಿಬಿಟ್ಟ. ಧಾನ್ಯದ ಬಾಜಾರಿಗೆ ಒಬ್ಬ ಶಹನಾ, ಉಳಿದದ್ದಕ್ಕೆ ಯಾಕೂಬ್ ಎಂಬ ಕಠಿಣ ಅಧಿಕಾರಿ, ಅವರ ಮೇಲೆ ಬೇಹಿನವರು. ಬರನಿ ಬರೆದ ಪ್ರಕಾರ ಸುಲ್ತಾನ ಪಾರಿವಾಳ ಸಾಕುವ ಹುಡುಗರ ಕೈಗೆ ದುಡ್ಡು ಕೊಟ್ಟು ರೊಟ್ಟಿ, ಮಿಠಾಯಿ ತರಲು ಕಳಿಸುತ್ತಿದ್ದ. ತಂದದ್ದನ್ನು ತೂಗಿಸುತ್ತಿದ್ದ. ಕಡಿಮೆ ಬಂದರೆ ಅಷ್ಟು ಮಾಂಸವನ್ನು ಅಂಗಡಿಯವನ ಮೈಯಿಂದ ಕೊಯ್ಯಿಸುತ್ತಿದ್ದ. ಇದನ್ನು ಓದಿ ಖುಷಿಪಡುವ ಓದುಗರಿದ್ದಾರೆ, ನಾವು ಬಲ್ಲೆವು. ಅವರು ಸ್ವಲ್ಪ ತಡೆಯಬೇಕು. ಆ ಅಗ್ಗದ ಗೋಧಿ ದಿಲ್ಲಿಗೆ ಬಂದದ್ದು ಹೇಗೆ? ಬೆಳೆದದ್ದರಲ್ಲಿ ಅರ್ಧ ಕಂದಾಯಕ್ಕೆ, ಉಳಿದದ್ದನ್ನು ಹೊಲದಲ್ಲೇ ಕಟ್ಟಿದ ಬೆಲೆಗೆ ಮಾರಬೇಕು, ಮನೆಗೆ ಒಯ್ದು ಕೂಡಿಡುವಂತಿಲ್ಲ. ಕಡಿಮೆ ಸಂಬಳದಲ್ಲಿ ದೊಡ್ಡ ಸೈನ್ಯ ಸಾಕಬೇಕಿತ್ತು, ಅದಕ್ಕೆ ಅಗ್ಗದ ರೊಟ್ಟಿ ಬೇಕಾಯಿತು. ಪಟ್ಟಣದ ತಕ್ಕಡಿ ಸಮನಾಗಿ ನಿಂತದ್ದು ಹಳ್ಳಿಯ ತಟ್ಟೆಯನ್ನು ಒತ್ತಿ ಹಿಡಿದದ್ದರಿಂದ.

ಮತ್ತೆ ಬೀದರಿಗೆ ಬರೋಣ. ಊರ ನಡುವೆ ಚೌಬಾರಾ ಅಂತ ಗುಂಡಾದ ಎತ್ತರದ ಬುರುಜು ಇದೆ, ಸುಮಾರು 70 ಅಡಿ. ಎರಡು ದೊಡ್ಡ ಬೀದಿ ಕೂಡುವಲ್ಲಿ ನಿಂತಿದೆ. ಅದರ ಮೇಲೆ ನಿಂತರೆ ಪಟ್ಟಣದ ನಾಲ್ಕೂ ದಿಕ್ಕು ಕಣ್ಣಿಗೆ ಬೀಳುತ್ತದೆ. ಬಾಜಾರವೂ ಅದರ ಸುತ್ತಲೇ. ಬಹಮನಿಗಳ ಕೊನೆಗಾಲದಲ್ಲಿ, 1470ರ ಸುಮಾರಿಗೆ, ಅಫನಾಸಿ ನಿಕಿತಿನ್ ಅನ್ನುವ ರಷ್ಯದ ವ್ಯಾಪಾರಿ ಇಲ್ಲಿದ್ದ. ರಾತ್ರಿ ಕೊತ್ವಾಲನ ಸಾವಿರ ಸವಾರರು ದೀಪ ಹಿಡಿದು ಊರು ಕಾಯುತ್ತಿದ್ದರೆಂದು ಅವನು ಬರೆದ. ಸರದಾರರು ಬಹಳ ಸಿರಿವಂತರು, ಹಳ್ಳಿಯ ಜನ ಬಹಳ ದರಿದ್ರರು ಅಂತಲೂ ಬರೆದ. ಕುದುರೆ ಮಾರಲು ಬಂದ ಪರದೇಶಿಗೆ ಕಂಡದ್ದು ಆಸ್ಥಾನದಲ್ಲಿ ಉಂಡ ಫರಿಶ್ತಾನಿಗೆ ಕಾಣಲಿಲ್ಲ ನೋಡ್ರಿ.

ಬರಹದಲ್ಲಿ ಮುಹ್ತಸಿಬ್ ಬೇರೆ, ಕೊತ್ವಾಲ ಬೇರೆ. ಒಬ್ಬನದು ಧರ್ಮದ ಕಾವಲು, ಇನ್ನೊಬ್ಬನದು ರಾಜನ ಕಾವಲು. ಬೀದಿಯಲ್ಲಿ ಇಬ್ಬರ ಕೆಲಸವೂ ಕಲಸಿಹೋಗುತ್ತಿತ್ತು. ಅಲಾಉದ್ದೀನ್ ಅಹ್ಮದನ ಕಾಲದ ಒಂದು ಪ್ರಕರಣವನ್ನು ಫರಿಶ್ತಾ ಬಿಡಿಸಿ ಹೇಳಿದ್ದಾನೆ. ಕಲಬುರಗಿಯ ಖ್ವಾಜಾ ಬಂದೇನವಾಜರ ಮೊಮ್ಮಗನೊಬ್ಬ ಒಬ್ಬ ವೇಶ್ಯೆಯ ಸಂಗಡ ಕುಡಿದ. ನಿಶೆಯಲ್ಲಿ ಅವಳ ಕೂದಲು ಕತ್ತರಿಸಿದ, ಅವಳನ್ನು ಹೊಡೆದ. ಕೊತ್ವಾಲ ಇಬ್ಬರನ್ನೂ ಹಿಡಿದು ಕೂಡಿಹಾಕಿದ. ದೊಡ್ಡವರ ಮನೆತನ, ತಾನೇ ತೀರ್ಮಾನ ಮಾಡುವ ಧೈರ್ಯವಾಗಲಿಲ್ಲ, ಸುಲ್ತಾನನಿಗೆ ವರದಿ ಕಳಿಸಿದ. ಸುಲ್ತಾನ ಸಿಟ್ಟಾದ. ಸಂತರ ಮೊಮ್ಮಗನಿಗೆ ಜನರೆದುರಿಗೆ ಅಂಗಾಲಿಗೆ ಏಟು ಹೊಡೆಸಿ, ಇನ್ನು ಕುಡಿಯುವುದಿಲ್ಲ ಅಂತ ಆಣೆ ಮಾಡಿಸಿದ. ಆ ಹೆಂಗಸನ್ನು ಕತ್ತೆಯ ಮೇಲೆ ಕೂಡಿಸಿ ಊರೆಲ್ಲ ಮೆರೆಸಿ ಗಡಿಪಾರು ಮಾಡಿಸಿದ.

ಫರಿಶ್ತಾ ಇದನ್ನು ಹೇಳುವುದು ಸುಲ್ತಾನ ಮುಖ ನೋಡದೆ ನ್ಯಾಯ ಮಾಡಿದ ಅಂತ ತೋರಿಸಲಿಕ್ಕೆ. ಒಪ್ಪಿಕೊಳ್ಳಬೇಕಾದದ್ದೂ ಇದೆ. ದೊಡ್ಡ ಮನೆತನದವನಿಗೆ ಬೀದಿಯಲ್ಲಿ ಏಟು ಬೀಳುವುದು ಇವತ್ತಿಗೂ ಅಪರೂಪ. ಮೊದಲ ತಪ್ಪಿಗೆ ಬುದ್ಧಿ ಹೇಳಿ ಬಿಡಬೇಕೆಂಬ ಹುಕುಮಿನ ಪ್ರಕಾರ ಸೀಸ ಹೊಯ್ಯಲಿಲ್ಲ ಅನ್ನುವುದೂ ಸರಿಯೇ. ಆದರೆ ಲೆಕ್ಕ ಹಾಕಿ ನೋಡ್ರಿ. ಹೊಡೆದವನು ಆಣೆ ಮಾಡಿ ಮನೆಗೆ ಹೋದ. ಏಟು ತಿಂದವಳು, ಕೂದಲು ಕಳಕೊಂಡವಳು, ಊರನ್ನೂ ಕಳಕೊಂಡಳು. ಅವಳ ಹೆಸರು ಫರಿಶ್ತಾನ ಪುಸ್ತಕದಲ್ಲಿಲ್ಲ. ಅವಳು ದೂರು ಕೊಟ್ಟಳೋ ಇಲ್ಲವೋ ಅದೂ ಇಲ್ಲ. ನಡತೆ ಕಾಯುವ ತಕ್ಕಡಿಯ ಎರಡು ತೋಳು ಸಮ ಇದ್ದವೇನು? ತಟ್ಟೆ ಬದಲು ಮಾಡಿದರೆ ಗೊತ್ತಾಗುತ್ತಿತ್ತು. ಅವಳು ಅವನ ಕೂದಲು ಕತ್ತರಿಸಿದ್ದರೆ ಏನಾಗುತ್ತಿತ್ತು?

ಬೀದರ ಕೋಟೆಯನ್ನು 1657ರಲ್ಲಿ ಔರಂಗಜೇಬ್ ಗೆದ್ದ. ಬಿಜಾಪುರದವರ ಕಡೆಯಿಂದ ಕೋಟೆ ಕಾದಿದ್ದ ಸಿದ್ದಿ ಮರ್ಜಾನ್ ಮದ್ದು ಸಿಡಿದು ಗಾಯಗೊಂಡು ಸತ್ತ. ಊರಿಗೆ ಜಫರಾಬಾದ್ ಅಂತ ಹೊಸ ಹೆಸರು ಬಂತು. ಪಟ್ಟಕ್ಕೆ ಬಂದ ಔರಂಗಜೇಬ್ 1659ರಲ್ಲಿ ಮುಹ್ತಸಿಬನ ಹುದ್ದೆಗೆ ಮತ್ತೆ ಬಲ ಕೊಟ್ಟ. ಹೆಂಡ, ಭಂಗಿ, ಜೂಜು ತಡೆಯಲು ಅವನ ಹಿಂದೆ ಮನಸಬ್‌ದಾರರನ್ನು ಕಳಿಸಿದ. ಆದರೆ ಮೊಗಲರ ಪಟ್ಟಣದಲ್ಲಿ ತೂಕ ಅಳತೆಯ ನಿತ್ಯದ ಕೆಲಸ ಕೊತ್ವಾಲನ ಪಾಲಿಗೂ ಬಂದಿತ್ತು. ಅಕ್ಬರನ ಕಾಲದಲ್ಲಿ ಅಬುಲ್ ಫಜಲ್ ಬರೆದ ಐನ್-ಎ-ಅಕ್ಬರಿಯಲ್ಲಿ ಕೊತ್ವಾಲನ ಕರ್ತವ್ಯಗಳ ಒಂದು ಪುಟ್ಟ ಅಧ್ಯಾಯ ಇದೆ. ನಮ್ಮ ಓದುಗರು ಅದನ್ನು ತಿಳಿಯಲೇಬೇಕು.

ಅದರಲ್ಲಿ ಸೇರಿನ ಮಾತು ಬರುತ್ತದೆ. ಸೇರು ಮೂವತ್ತು ದಾಮಿಗಿಂತ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ದಾಮು ಅಂದರೆ ತಾಮ್ರದ ದುಡ್ಡು, ಒಂದೊಂದು 21 ಗ್ರಾಮಿನ ಹತ್ತಿರ. ಮೂವತ್ತು ದಾಮಿಗೆ ಸುಮಾರು 630 ಗ್ರಾಂ. ಇದೊಂದು ಜಾಣ ಉಪಾಯ. ಮುದ್ರೆಯ ಕಲ್ಲನ್ನು ಹುಡುಕಿಕೊಂಡು ಹೋಗಬೇಕಿಲ್ಲ, ದುಡ್ಡೇ ತೂಕ, ಮೂವತ್ತು ದಾಮು ಎಣಿಸಿ ತಟ್ಟೆಗೆ ಹಾಕಿದರೆ ಅಂಗಡಿಯವನ ಸೇರು ಸಾಚಾ ಹೌದೋ ಅಲ್ಲವೋ ಗೊತ್ತಾಗುತ್ತದೆ. ದುಡ್ಡು ಸವೆದಿದ್ದರೆ ಮಾತ್ರ ಸೇರೂ ಸವೆಯುತ್ತದೆ. ಇನ್ನೊಂದು ತೊಡಕು, ಒಮ್ಮೆಗೆ ಮೂವತ್ತು ದಾಮು ಕಂಡ ಕೂಲಿಯವರು ಎಷ್ಟು ಜನ ಇದ್ದಾರು?

ಅದೇ ಅಧ್ಯಾಯದಲ್ಲಿ ಇನ್ನೊಂದು ಅಪ್ಪಣೆ. ಕಟುಕರು, ಬೇಟೆಯವರು, ಹೆಣ ತೊಳೆಯುವವರು, ಕಸಗುಡಿಸುವವರು, ಇವರಿಗೆ ಕೊತ್ವಾಲ ಬೇರೆ ಕೇರಿ ಮಾಡಿಕೊಡಬೇಕು. ಉಳಿದವರು ಆ ಕಲ್ಲೆದೆಯವರ ಸಂಗ ಮಾಡದಂತೆ ತಡೆಯಬೇಕು. ಗಲ್ಲಿಗೇರಿಸುವವನ ಜೊತೆ ಒಂದೇ ಪಾತ್ರೆಯಲ್ಲಿ ಕುಡಿದವನ ಕೈ ಕತ್ತರಿಸಬೇಕು. ಅವನ ಮನೆಯವರ ಜೊತೆ ಮಾತಾಡಿದವನ ಬೆರಳು ಕತ್ತರಿಸಬೇಕು. ಗಲ್ಲಿಗೇರಿಸು ಅಂತ ಹುಕುಂ ಕೊಟ್ಟವನ ಜೊತೆ ಕುಡಿದರೆ ಏನೂ ಇಲ್ಲ.

ಇದು ಎಲ್ಲ ಪಟ್ಟಣಗಳಲ್ಲೂ ಹಾಗೇ ನಡೆಯಿತೆಂದು ನಾವು ಹೇಳುವುದಿಲ್ಲ. ಇದು ಅಧಿಕಾರಿಗೆ ಕೊಟ್ಟ ಕೈಪಿಡಿಯ ಮಾತು. ಆದರೆ ಕೈಪಿಡಿಯಲ್ಲಿ ಸಮ ತೂಕ ಮತ್ತು ಬೇರೆ ಕೇರಿ ಒಂದೇ ಉಸಿರಿನಲ್ಲಿ ಬಂದಿವೆ. ಬರೆದವನಿಗೆ ಎರಡೂ ಒಂದೇ ಬಗೆಯ ವ್ಯವಸ್ಥೆ. ಕಾಳು ಅದರ ಅಳತೆಯಲ್ಲಿ ಇರಬೇಕು, ಮನುಷ್ಯ ಅವನ ಕೇರಿಯಲ್ಲಿ ಇರಬೇಕು. ಅರಬರ ಕೈಪಿಡಿಗಳಲ್ಲೂ ಇದೇ ಧಾಟಿ. ಯಹೂದಿ, ಕ್ರೈಸ್ತರು ಗುರುತಿನ ಬಟ್ಟೆ ಹಾಕಿದ್ದಾರೋ ಇಲ್ಲವೋ ನೋಡುವುದೂ ಮುಹ್ತಸಿಬನ ಕೆಲಸ. ಇದನ್ನು ಓದಿ "ನೋಡಿದ್ರ್ಯಾ, ಇದೆಲ್ಲ ತುರುಕರು ತಂದದ್ದು" ಅಂತ ಕೈ ತೊಳೆದುಕೊಳ್ಳುವವರು ಮನುವಿನ ಪುಸ್ತಕ ತೆಗೆದು ನೋಡಲಿ. ಅಲ್ಲೂ ಒಂದು ಕಡೆ ತೂಕ ಅಳತೆಗೆ ಮುದ್ರೆ ಹಾಕಿ ಆರು ತಿಂಗಳಿಗೊಮ್ಮೆ ರಾಜ ಪರೀಕ್ಷಿಸಬೇಕು ಅಂತ ಇದೆ. ಇನ್ನೊಂದು ಕಡೆ ಚಂಡಾಲರು ಊರ ಹೊರಗಿರಬೇಕು, ಒಡೆದ ಮಡಕೆಯಲ್ಲಿ ಉಣ್ಣಬೇಕು ಅಂತ ಇದೆ. ಐನ್ ಬರೆಯುವ ನೂರಾರು ವರ್ಷ ಮೊದಲೇ.

ಇಷ್ಟೆಲ್ಲ ಪಟ್ಟಣದ ಮಾತಾಯಿತು. ಚೌಬಾರಾದಿಂದ ಕಣ್ಣು ಹಾಯುವಷ್ಟು ದೂರ ಅಧಿಕಾರಿಯ ಚಾಟಿಯೂ ಹೋಗುತ್ತಿತ್ತು. ಭಾಲ್ಕಿ, ಔರಾದ ಕಡೆಯ ಹಳ್ಳಿಯ ಕಣದೊಳಗೆ ಯಾವ ಮುಹ್ತಸಿಬ್ ಬಂದು ನಿಂತ? ಅಲ್ಲಿ ಕೂಲಿ ದುಡ್ಡಿನಲ್ಲಿ ಕೊಡುತ್ತಿರಲಿಲ್ಲ, ಜ್ವಾಳದಲ್ಲಿ ಕೊಡುತ್ತಿದ್ದರು. ಆಯ ಕೊಡುವಾಗ ತೂಕವೂ ಇಲ್ಲ, ಅಳತೆಯೂ ಇಲ್ಲ, ಇಷ್ಟು ಸೂಡು ಅಂತ. ಸೂಡು ದಪ್ಪವೋ ಸಣ್ಣದೋ ಕಟ್ಟಿಸಿದವನ ಮರ್ಜಿ. ಸೇರಿನಿಂದ ಅಳೆದರೂ ಆಟ ಬಹಳ. ಗೋಪುರದಂತೆ ರಾಶಿ ತುಂಬಿ ಅಳೆಯುವುದು ಒಂದು, ಬಾಯಿಗೆ ಕೋಲು ಎಳೆದು ಸಮ ಮಾಡಿ ಅಳೆಯುವುದು ಇನ್ನೊಂದು. ಸಾಲ ತೀರಿಸುವಾಗ ರಾಶಿ, ಕೂಲಿ ಕೊಡುವಾಗ ಕೋಲು. ಕಾಳನ್ನು ಸೇರಿಗೆ ಮೇಲಿಂದ ಸುರಿದು ಬಡಿದರೆ ಗಟ್ಟಿ ಕೂರುತ್ತದೆ, ಮೆಲ್ಲಗೆ ಜಾರಿಸಿದರೆ ಪೊಳ್ಳು ನಿಲ್ಲುತ್ತದೆ. ಅದೇ ಸೇರು, ಅದೇ ಕಾಳು, ಒಂದು ಹಿಡಿಯ ಫರಕು. ಕೊಡೋ ಸೇರು ಬೇರೆ, ಅಳಕೊಳ್ಳೋ ಸೇರು ಬೇರೆ ಅನ್ನುವ ಮಾತು ನಮ್ಮ ಕೇರಿಗಳಲ್ಲಿ ಹುಟ್ಟಿದ್ದು ಹೀಗೆ.

ಸೆರಗೊಡ್ಡಿ ನಿಂತವಳ ಸೆರಗಿಗೆ ಕಾಳು ಮೇಲಿಂದ ಬೀಳುತ್ತಿತ್ತು, ಮುಟ್ಟಬಾರದಲ್ಲ. ನೆಲಕ್ಕೆ ಚೆಲ್ಲಿದ್ದು ಅವಳ ಲೆಕ್ಕಕ್ಕೆ. ಸೇರನ್ನು ಕೈಯಲ್ಲಿ ಹಿಡಿದು ತಳ ನೋಡುವ ಹಕ್ಕು ಅವಳಿಗಿರಲಿಲ್ಲ. ಅಳತೆಯ ಮೋಸ ಹಿಡಿಯಲು ಮೊದಲು ಅಳತೆಯನ್ನು ಮುಟ್ಟಬೇಕು. ಮೈಲಿಗೆ ಅನ್ನುವುದು ಧರ್ಮದ ಮಾತಷ್ಟೇ ಅಂತ ತಿಳಿದವರು ಈ ಸೇರಿನ ಲೆಕ್ಕ ನೋಡಬೇಕು. ದಿನಾ ಒಂದು ಹಿಡಿ ಉಳಿಸಿಕೊಡುವ ಮೈಲಿಗೆ ಅದು.

1956ರಲ್ಲಿ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಕನ್ನಡ ನಾಡಿಗೆ ಬಂತು. ಅದೇ ವರ್ಷ ತೂಕ ಅಳತೆಯ ಕಾನೂನು ಬಂದು, ಸೇರು ಹೋಗಿ ಕಿಲೋ ಬರಲು ದಾರಿಯಾಯಿತು. ಈಗ ನಡೆಯುತ್ತಿರುವುದು 2009ರ ಕಾನೂನು. ಅದರ ನಿಯಮದಂತೆ ಕಬ್ಬಿಣದ ಕಲ್ಲಿಗೆ, ಸಾದಾ ತಕ್ಕಡಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ಯಂತ್ರಕ್ಕೆ ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು. ಮುಹ್ತಸಿಬನ ಒಂದು ಹುದ್ದೆ ಹರಿದು ನಾಲ್ಕಾರು ಇಲಾಖೆಯಾಗಿದೆ. ತೂಕ ಒಬ್ಬರಿಗೆ, ಕಲಬೆರಕೆ ಒಬ್ಬರಿಗೆ, ಕಸ ಪುರಸಭೆಗೆ, ಕುಡಿತ ಜೂಜು ಪೊಲೀಸರಿಗೆ. ಕಸ ಎತ್ತುವ ಕೈಗಳು ಮಾತ್ರ ಬಹುಪಾಲು ಹಳೇ ಕೇರಿಯವೇ.

ಭಾಲ್ಕಿ ಹತ್ತಿರದ ಒಂದು ಹಳ್ಳಿಯ ಹಳೇ ವಾಡೆಯ ಅಟ್ಟದಲ್ಲಿ ಎರಡು ಹಿತ್ತಾಳಿ ಸೇರು ಸಿಕ್ಕವು ಅಂತ ಗೆಳೆಯನೊಬ್ಬ ತೋರಿಸಲು ತಂದಿದ್ದ. ಹೊರಗಿನಿಂದ ಅವಳಿ ಜವಳಿ. ಅದೇ ಎತ್ತರ, ಅದೇ ಬಾಯಿ. ನಾವು ಒಂದಕ್ಕೆ ಬಾಯಿಮಟ ನೀರು ತುಂಬಿ ಇನ್ನೊಂದಕ್ಕೆ ಹೊಯ್ದೆವು. ತುಂಬಿ ಹೊರಗೆ ಚೆಲ್ಲಿತು. ಬೋರಲು ಮಾಡಿ ನೋಡಿದರೆ ಎರಡನೆಯದರ ತಳವನ್ನು ಹೊರಗಿನಿಂದ ಬಡಿದು ಒಳಕ್ಕೆ ಉಬ್ಬಿಸಿದ್ದರು. ಹಿಡಿಕೆಯ ಹತ್ತಿರ ಹಿತ್ತಾಳಿ ಸವೆದು ಹೊಳೆಯುತ್ತಿದ್ದದ್ದು ಅದೇ.